ಹಾಡು ಎಲ್ಲಿಂದ ಶುರುವಾಗಬೇಕು: ವೀಕ್ಷಕರು ಹಾರಿಸಿ ನೋಡುವ ಜಾಗ ಹೇಳುವುದೇನು

ತುಮಕೂರಿನ ದೇವರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ, ಕೋಲಾರದ ಅಂತರಗಂಗೆ, ಚಿಕ್ಕಬಳ್ಳಾಪುರದ ನಂದಿ ಬೆಟ್ಟ. ಈ ಭಾಗದ ಯುವ ತಂಡಗಳು ಸ್ವಂತ ಖರ್ಚಿನಲ್ಲಿ ಮಾಡಿ ಯೂಟ್ಯೂಬಿಗೆ ಹಾಕುವ ಆಲ್ಬಂ ಸಾಂಗುಗಳಲ್ಲಿ ಇಂಥ ಜಾಗಗಳ ಡ್ರೋನ್ ಶಾಟ್ ಸಾಮಾನ್ಯವಾಗಿ ಮೊದಲ ಅರ್ಧ ನಿಮಿಷದೊಳಗೇ ಬಂದುಬಿಡುತ್ತದೆ. ಅದಕ್ಕೂ ಮೊದಲು ಚಾನೆಲ್ಲಿನ ಲೋಗೊ ಇರುತ್ತದೆ, ಸಹಾಯ ಮಾಡಿದವರಿಗೆ ಧನ್ಯವಾದದ ಕಾರ್ಡು ಇರುತ್ತದೆ. ಅದಾದ ಮೇಲೆ ನಾಯಕನಿಗೂ ಅವನ ಗೆಳೆಯನಿಗೂ ನಡುವೆ ನಾಲ್ಕು ಮಾತು, ಆಮೇಲೆ ವಾದ್ಯ, ಕೊನೆಗೆ ಗಾಯಕರ ದನಿ. ವಿಡಿಯೊ ಬಿಡುಗಡೆಯಾಗಿ ಎರಡು ದಿನ ಕಳೆಯುವುದರೊಳಗೆ ಕೆಳಗೆ ಯಾರಾದರೊಬ್ಬರು ‘0:52ಕ್ಕೆ ಹಾಡು ಶುರು’ ಎಂದು ಬರೆದಿರುತ್ತಾರೆ ಮತ್ತು ಹಾಡನ್ನು ಹೊಗಳಿದ ಮಾತಿಗಿಂತ ಆ ಮಾತಿಗೇ ಹೆಚ್ಚು ಲೈಕ್ ಬಿದ್ದಿರುತ್ತದೆ.

ಇಲ್ಲಿಂದ ತಂಡದೊಳಗೆ ಒಂದು ವಾದ ಹುಟ್ಟುತ್ತದೆ. ಆರಂಭವನ್ನೆಲ್ಲ ಕತ್ತರಿಸಿ ನೇರವಾಗಿ ಹುಕ್ ಲೈನಿನಿಂದ, ಅಂದರೆ ಜನರ ಬಾಯಲ್ಲಿ ಉಳಿಯುವ ಸಾಲಿನಿಂದ ಹಾಡು ತೆರೆಯಬೇಕು ಎಂದು ಚಾನೆಲ್ ನೋಡಿಕೊಳ್ಳುವವರು ಹೇಳಿದರೆ, ವಾದ್ಯಭಾಗವಿಲ್ಲದೆ ಹಾಡಿಗೆ ನೆಲೆಯೇ ಇರುವುದಿಲ್ಲ ಎಂದು ಸಂಗೀತ ಮಾಡಿದವರು ಹೇಳುತ್ತಾರೆ. ಇಬ್ಬರೂ ತೋರಿಸುವುದು, ಚಾನೆಲ್ಲಿನವರು ತಮ್ಮ ವಿಡಿಯೊಗಳ ಲೆಕ್ಕ ನೋಡುವ ಯೂಟ್ಯೂಬ್ ಸ್ಟುಡಿಯೋದ ಒಂದೇ ಗ್ರಾಫನ್ನು: ವಿಡಿಯೊದ ಯಾವ ಭಾಗವನ್ನು ಎಷ್ಟು ಪಾಲು ನೋಡಲಾಯಿತು ಎಂದು ಹೇಳುವ ಗೆರೆಯನ್ನು. ಆ ಗ್ರಾಫನ್ನು ಸರಿಯಾಗಿ ಓದಿದರೆ ಇಬ್ಬರೂ ಅರ್ಧರ್ಧ ಸರಿ ಎಂದು ಕಾಣುತ್ತದೆ. ಯಾವ ಅರ್ಧ ಯಾರದು ಎಂಬುದು ಪ್ರತಿ ವಿಡಿಯೊಗೂ ಬೇರೆ.

ಆರಂಭ ಗಿಡ್ಡವಾಗಬೇಕು ಎನ್ನುವವರ ಬೆಂಬಲಕ್ಕೆ ಎರಡು ಅಧ್ಯಯನಗಳು ಮತ್ತೆ ಮತ್ತೆ ಬರುತ್ತವೆ. ಹ್ಯೂಬರ್ಟ್ ಲೆವೇಯೆ ಗೋವಾಂ ಎಂಬ ಸಂಗೀತ ಸಂಶೋಧಕರು 1986ರಿಂದ 2015ರವರೆಗಿನ ಅಮೆರಿಕದ ಟಾಪ್ 10 ಹಾಡುಗಳನ್ನು ಪರಿಶೀಲಿಸಿ, ದನಿ ಬರುವ ಮುಂಚಿನ ವಾದ್ಯಭಾಗ ಸರಾಸರಿ 20 ಸೆಕೆಂಡಿಗಿಂತ ಹೆಚ್ಚು ಇದ್ದದ್ದು ಸುಮಾರು 5 ಸೆಕೆಂಡಿಗೆ ಇಳಿದಿರುವುದನ್ನು ತೋರಿಸಿದರು. ಪಾಲ್ ಲಾಮಿಯರ್ ಎಂಬುವರು 2014ರಲ್ಲಿ ಸ್ಪಾಟಿಫೈ ಕೇಳುಗರ ದತ್ತಾಂಶದಿಂದ, ಹಾಡು ಶುರುವಾದ ಮೊದಲ 5 ಸೆಕೆಂಡಿನಲ್ಲಿ ಅದನ್ನು ಬಿಟ್ಟು ಮುಂದಿನ ಹಾಡಿಗೆ ಹೋಗುವ ಸಂಭವ ಶೇ. 24ರಷ್ಟು, 30 ಸೆಕೆಂಡಿನೊಳಗೆ ಶೇ. 35ರಷ್ಟು ಎಂದು ಲೆಕ್ಕ ಹಾಕಿದರು. ಎರಡೂ ನಂಬತಕ್ಕ ಕೆಲಸಗಳೇ. ಆದರೆ ಎರಡೂ ಆಡಿಯೊಗೆ ಸಂಬಂಧಿಸಿದವು. ಆಡಿಯೊ ಆ್ಯಪಿನಲ್ಲಿ ಬೇಸರಗೊಂಡವನು ಆ ಹಾಡನ್ನೇ ಬಿಟ್ಟು ಹೋಗುತ್ತಾನೆ. ವಿಡಿಯೊ ನೋಡುವವನಿಗೆ ಇನ್ನೊಂದು ದಾರಿಯಿದೆ: ಮೊಬೈಲಿನ ಪರದೆಯ ಬಲಭಾಗವನ್ನು ಎರಡು ಸಲ ತಟ್ಟಿ 10 ಸೆಕೆಂಡು ಮುಂದಕ್ಕೆ ಹಾರುವುದು, ಅಥವಾ ಕೆಳಗಿನ ಪಟ್ಟಿಯನ್ನು ಎಳೆದು ಹಾಡಿರುವ ಜಾಗಕ್ಕೆ ತಾನೇ ಹೋಗುವುದು. ಹೀಗೆ ಹಾರಿದವನು ಹಾಡನ್ನು ಬಿಟ್ಟವನಲ್ಲ, ಬೇಕು ಎಂದು ಹುಡುಕಿಕೊಂಡು ಹೋದವನು. ಇವನನ್ನೂ ಬಿಟ್ಟುಹೋದವನನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದಾಗ ಆರಂಭದ ಬಗೆಗಿನ ತೀರ್ಮಾನ ದಾರಿ ತಪ್ಪುತ್ತದೆ.

ಅಧ್ಯಯನಗಳನ್ನು ಇಲ್ಲಿಗೆ ತರುವಾಗ ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಪಾಶ್ಚಾತ್ಯ ಪಾಪ್ ಹಾಡಿನಲ್ಲಿ ಸಾಮಾನ್ಯವಾಗಿ ಮೊದಲು ಕಥೆ ಹೇಳುವ ಚರಣ, ಆಮೇಲೆ ಕೋರಸ್. ಅಲ್ಲಿ ಮೊದಲ ಕೋರಸ್ಸಿನ ಸಮಯ ಎಂದರೆ ವಾದ್ಯಭಾಗ ಮತ್ತು ಒಂದಿಡೀ ಚರಣ ಕಳೆದ ಮೇಲಿನ ಸಮಯ. ನಮ್ಮ ಹಾಡು ಪಲ್ಲವಿಯಿಂದಲೇ ಶುರುವಾಗುತ್ತದೆ. ಮರಳಿ ಮರಳಿ ಬರುವ ಭಾಗವೇ ಮೊದಲ ಮಾತು. ಹಾಗಾಗಿ ನಮ್ಮಲ್ಲಿ ಕೋರಸ್ ತಡವಾದರೆ ತಪ್ಪು ಹೆಚ್ಚಾಗಿ ಹಾಡಿನ ರಚನೆಯಲ್ಲಿ ಇರುವುದಿಲ್ಲ, ಅದರ ಮುಂದೆ ನಿಲ್ಲಿಸಿದ ಸಾಮಗ್ರಿಯಲ್ಲಿ ಇರುತ್ತದೆ. ಇದರಲ್ಲೂ ಒಂದು ಒಳಸೂಕ್ಷ್ಮವಿದೆ. ಪಲ್ಲವಿಯ ಮೊದಲ ಸಾಲೇ ಜನರ ಬಾಯಲ್ಲಿ ಉಳಿಯುವ ಸಾಲಾಗಿರಬೇಕೆಂದಿಲ್ಲ. ಎಷ್ಟೋ ಹಾಡುಗಳಲ್ಲಿ ಮೊದಲೆರಡು ಸಾಲು ಏರುವ ಮೆಟ್ಟಿಲು, ಮೂರನೆಯ ಸಾಲು ಹುಕ್ ಲೈನ್. ಆದ್ದರಿಂದ ವಿಡಿಯೊ ಕೈಗೆತ್ತಿಕೊಂಡ ಕೂಡಲೇ ಮೂರು ಸಮಯಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕಾಗುತ್ತದೆ: ವಾದ್ಯ ಶುರುವಾಗುವುದು ಯಾವಾಗ, ದನಿ ಬರುವುದು ಯಾವಾಗ, ಹುಕ್ ಲೈನ್ ಬರುವುದು ಯಾವಾಗ. ಈ ಮೂರು ಕೈಯಲ್ಲಿ ಇಲ್ಲದೆ ಗ್ರಾಫ್ ನೋಡುವುದರಿಂದ ಪ್ರಯೋಜನವಿಲ್ಲ.

ಇನ್ನು ಗ್ರಾಫ್ ಅಳೆಯುವುದೇನು ಎಂಬ ಪ್ರಶ್ನೆ. ಆಡಿಯನ್ಸ್ ರಿಟೆನ್ಷನ್ ಗ್ರಾಫಿನ ಪ್ರತಿ ಬಿಂದುವೂ, ವಿಡಿಯೊದ ಆ ತುಣುಕು ಎಷ್ಟು ಸಲ ನೋಡಲ್ಪಟ್ಟಿತು ಎಂಬ ಸಂಖ್ಯೆಯನ್ನು ಒಟ್ಟು ವೀಕ್ಷಣೆಯಿಂದ ಭಾಗಿಸಿ ಬಂದ ಅಂಕಿ. ಒಬ್ಬನೇ ಅದೇ ಜಾಗವನ್ನು ಎರಡು ಸಲ ನೋಡಿದರೆ ಎರಡೂ ಲೆಕ್ಕಕ್ಕೆ ಸೇರುವುದರಿಂದ ಗೆರೆ ಶೇ. 100ನ್ನು ದಾಟುವುದೂ ಉಂಟು. ಮುಂದಕ್ಕೆ ಹಾರಿದವನು ಹಾರಿದ ಭಾಗದಲ್ಲಿ ಲೆಕ್ಕದಿಂದ ಹೊರಗಿದ್ದು, ಇಳಿದ ಜಾಗದಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತಾನೆ. ಎಪಿಐ ಮೂಲಕ, ಅಂದರೆ ತಂತ್ರಾಂಶವೊಂದರಿಂದ ಯೂಟ್ಯೂಬನ್ನು ನೇರವಾಗಿ ಕೇಳಿ ಪಡೆದರೆ ಈ ದತ್ತಾಂಶ ವಿಡಿಯೊ ಎಷ್ಟೇ ಉದ್ದವಿರಲಿ 100 ಬಿಂದುಗಳಲ್ಲಿ ಸಿಗುತ್ತದೆ. 4 ನಿಮಿಷ 24 ಸೆಕೆಂಡಿನ ಹಾಡಿಗೆ ಒಂದು ಬಿಂದು ಎಂದರೆ ಎರಡೂವರೆ ಸೆಕೆಂಡಿಗಿಂತ ತುಸು ಹೆಚ್ಚು. ಹೀಗಾಗಿ ‘ಸರಿಯಾಗಿ 23ನೇ ಸೆಕೆಂಡಿಗೆ ಜನ ಎದ್ದುಹೋದರು’ ಎಂಬಂಥ ಮಾತನ್ನು ಗ್ರಾಫಿನ ಮೇಲೆ ಹೊರಿಸಲಾಗದು.

ಈ ಲೆಕ್ಕದ ರೀತಿಯಿಂದಲೇ ಓದುವ ಮುಖ್ಯ ಸೂತ್ರ ಸಿಗುತ್ತದೆ. ವಿಡಿಯೊ ಮುಚ್ಚಿ ಹೋದವನು ಗೆರೆಯನ್ನು ಇಳಿಸುತ್ತಾನೆ, ಮತ್ತೆ ಎಂದೂ ಏರಿಸುವುದಿಲ್ಲ. ಆದ್ದರಿಂದ ಗೆರೆ ಇಳಿದು ಮತ್ತೆ ಏರಿದರೆ ಆ ಏರಿಕೆಗೆ ಕಾರಣರು ಮೂರೇ ಬಗೆಯವರು: ಮುಂದಕ್ಕೆ ಹಾರಿ ಬಂದವರು, ಹಿಂದಕ್ಕೆ ಹೋಗಿ ಮತ್ತೆ ಕೇಳಿದವರು, ಅಥವಾ ಯಾರೋ ಕಳಿಸಿದ ಸಮಯಸಹಿತ ಲಿಂಕಿನಿಂದ ನೇರವಾಗಿ ಅಲ್ಲಿಗೇ ಬಂದಿಳಿದವರು. ಮೊದಲೆರಡು ಬಗೆಯವರನ್ನು ಏರಿಕೆಯ ಆಕಾರದಿಂದ ಗುರುತಿಸಬಹುದು. ಹಾರಿ ಬಂದವನು ಅಲ್ಲಿಂದ ಮುಂದೆ ನೋಡುತ್ತ ಹೋಗುವುದರಿಂದ ಗೆರೆ ಮೆಟ್ಟಿಲಿನಂತೆ ಏರಿ ಆ ಎತ್ತರದಲ್ಲೇ ಸಾಗುತ್ತದೆ. ಮತ್ತೆ ಕೇಳಿದವನು ಆ ಒಂದು ತುಣುಕಿಗೆ ಮಾತ್ರ ಎರಡನೇ ಸಲ ಸೇರುವುದರಿಂದ ಗೆರೆ ಗುಬುಟಿನಂತೆ ಎದ್ದು ಹಳೆಯ ಮಟ್ಟಕ್ಕೇ ಇಳಿಯುತ್ತದೆ. ಮೆಟ್ಟಿಲು ಕಂಡರೆ ಅದು ಅದರ ಹಿಂದಿನ ಭಾಗದ ಮೇಲಿನ ದೂರು. ಗುಬುಟು ಕಂಡರೆ ಅದು ಆ ತುಣುಕಿಗೇ ಸಂದ ಮೆಚ್ಚುಗೆ. ಹುಕ್ ಲೈನಿನ ಹತ್ತಿರ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾದ್ದರಿಂದ, ತುದಿಯ ಎತ್ತರವನ್ನು ಬಿಟ್ಟು 15–20 ಸೆಕೆಂಡು ಕಳೆದ ಮೇಲೆ ಗೆರೆ ಎಲ್ಲಿ ನೆಲೆ ನಿಲ್ಲುತ್ತದೆ ಎಂಬುದನ್ನು ನೋಡುವುದು ಕ್ಷೇಮ.

ಒಂದು ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡೋಣ. ತುಮಕೂರಿನ ಒಂದು ತಂಡ ತಮಟೆಯ ಗತ್ತಿನ ಮೇಲೆ ಕಟ್ಟಿದ ಜಾನಪದ ಶೈಲಿಯ ಹಾಡು ಎಂದಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗಾಗಿ ಇಟ್ಟವು, ಆದರೆ ಆಕಾರ ಇಂಥ ವಿಡಿಯೊಗಳಲ್ಲಿ ಕಾಣುವಂಥದ್ದೇ. ಹಾಡಿನ ವೇಗ ನಿಮಿಷಕ್ಕೆ 96 ಪೆಟ್ಟು. ಎಂಟು ಪೆಟ್ಟಿನ ಒಂದು ಆವರ್ತಕ್ಕೆ ಸರಿಯಾಗಿ 5 ಸೆಕೆಂಡು. ಮೊದಲ 8 ಸೆಕೆಂಡು ಲೋಗೊ ಮತ್ತು ಧನ್ಯವಾದ, ಅಲ್ಲಿಂದ 0:18ರವರೆಗೆ ಬೆಟ್ಟದ ಮೇಲಿನ ಡ್ರೋನ್ ಶಾಟ್ ಮತ್ತು ಶೀರ್ಷಿಕೆ, 0:32ರವರೆಗೆ ಸಂಭಾಷಣೆ. ಅಲ್ಲಿ ತಮಟೆ ಶುರುವಾಗಿ ನಾಲ್ಕು ಆವರ್ತ, ಅಂದರೆ 20 ಸೆಕೆಂಡು ನುಡಿಯುತ್ತದೆ. 0:52ಕ್ಕೆ ದನಿ. ಪಲ್ಲವಿಯ ಏರುಸಾಲುಗಳು ಮತ್ತೆ ನಾಲ್ಕು ಆವರ್ತ ತೆಗೆದುಕೊಂಡು, 1:12ಕ್ಕೆ ಹಿಮ್ಮೇಳದವರು ಹಿಡಿಯುವ ಸೊಲ್ಲು, ಅಂದರೆ ಹುಕ್ ಲೈನ್ ಬರುತ್ತದೆ.

ಗ್ರಾಫ್ ಹೀಗಿದೆ, ಶೇಕಡಾ ಒಂದನ್ನು ಒಂದು ಅಂಶ ಎಂದು ಕರೆಯೋಣ. 5ನೇ ಸೆಕೆಂಡಿಗೆ 84 ಅಂಶ, 0:18ಕ್ಕೆ 66, 0:32ಕ್ಕೆ 50, 0:50ಕ್ಕೆ 40. ಅಲ್ಲಿಂದ ಏರತೊಡಗಿ 1:00ಕ್ಕೆ 48, 1:15ಕ್ಕೆ 57, 1:35ರಲ್ಲಿ 54. ಶೂನ್ಯದಿಂದ ಲೆಕ್ಕ ಹಿಡಿಯದೆ 5ನೇ ಸೆಕೆಂಡಿನಿಂದ ಹಿಡಿದದ್ದಕ್ಕೆ ಕಾರಣವಿದೆ: ಕೈತಪ್ಪಿ ಒತ್ತಿದವರು, ತಾನೇ ಪ್ಲೇ ಆದದ್ದನ್ನು ನಿಲ್ಲಿಸಿದವರು ಎಲ್ಲ ವಿಡಿಯೊಗಳಲ್ಲೂ ಮೊದಲ ಕೆಲವು ಸೆಕೆಂಡಿನಲ್ಲೇ ಉದುರುತ್ತಾರೆ, ಮತ್ತು ಅವರು ಆರಂಭದ ಗುಣದೋಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

84ರಿಂದ 40ಕ್ಕೆ ಇಳಿದದ್ದನ್ನು ಮಾತ್ರ ನೋಡಿದವರು ಅರ್ಧಕ್ಕಿಂತ ಹೆಚ್ಚು ಜನ ಹೋದರು ಎಂದು ಗಾಬರಿಗೊಳ್ಳುತ್ತಾರೆ. ಆದರೆ ಗೆರೆ ಮತ್ತೆ 57ಕ್ಕೆ ಏರಿ ಅದೇ ಎತ್ತರದ ಆಸುಪಾಸಿನಲ್ಲಿ ಸಾಗಿದೆ. ಇದು ಮೆಟ್ಟಿಲು. ಹಾಗಾದರೆ ಕಾಣೆಯಾದ 44 ಅಂಶದಲ್ಲಿ ಸುಮಾರು 17 ಅಂಶ ಹಾರಿಸಿ ಬಂದವರದು. ನಿಜವಾಗಿ ಹೋದದ್ದು 27. ಏರಿಕೆ ಒಂದೇ ಹೊಡೆತಕ್ಕೆ ಆಗದೆ ಓರೆಯಾಗಿ ಆಗಿರುವುದು ಸಹಜ. ಹತ್ತು ಹತ್ತು ಸೆಕೆಂಡು ತಟ್ಟಿಕೊಂಡು ಬರುವವರು ಪಲ್ಲವಿಯ ಬಾಗಿಲಿಗೆ ಕರಾರುವಾಕ್ಕಾಗಿ ಬಂದು ಇಳಿಯಲಾರರು. ಕೆಲವರು ಇನ್ನೂ ತಮಟೆ ನಡೆಯುತ್ತಿರುವಾಗ ಇಳಿಯುತ್ತಾರೆ, ಕೆಲವರು ಪಲ್ಲವಿಯ ಮೊದಲ ಸಾಲನ್ನು ದಾಟಿ ಇಳಿಯುತ್ತಾರೆ. ಈ ಎರಡನೆಯವರು ಹಾಡಿನ ಮೊದಲ ಮಾತನ್ನೇ ಕೇಳದೆ ಹೋಗುವುದು, ಉದ್ದ ಆರಂಭದಿಂದ ಆಗುವ ಹಾನಿಗಳಲ್ಲಿ ಯಾರೂ ಎಣಿಸದ ಹಾನಿ ಎಂದು ನನಗೆ ಅನ್ನಿಸುತ್ತದೆ.

ಇನ್ನು ತಪ್ಪು ಯಾವ ಭಾಗದ್ದು? ಇದಕ್ಕೆ ಇಳಿದ ಅಂಶಗಳನ್ನಷ್ಟೇ ಎಣಿಸಬಾರದು, ಆ ಹೊತ್ತಿಗೆ ನೋಡುತ್ತಿದ್ದವರಲ್ಲಿ ಎಷ್ಟು ಪಾಲು ಕಳೆಯಿತು, ಎಷ್ಟು ಹೊತ್ತಿನಲ್ಲಿ ಕಳೆಯಿತು ಎಂದು ನೋಡಬೇಕು. 5ನೇ ಸೆಕೆಂಡಿನಿಂದ ಶೀರ್ಷಿಕೆ ಮುಗಿಯುವವರೆಗಿನ 13 ಸೆಕೆಂಡಿನಲ್ಲಿ, ಇದ್ದವರ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಕಳೆದಿದೆ. ಸಂಭಾಷಣೆಯ 14 ಸೆಕೆಂಡಿನಲ್ಲಿ ಸುಮಾರು ಕಾಲು ಪಾಲು. ತಮಟೆಯ ಭಾಗದಲ್ಲಿ 0:50ರವರೆಗೆ ಐದನೇ ಒಂದು ಪಾಲು, ಆದರೆ ಅದು 18 ಸೆಕೆಂಡಿನಲ್ಲಿ. ಹುಕ್ ಲೈನ್ ಬಂದ ಮೇಲಿನ 20 ಸೆಕೆಂಡಿನಲ್ಲಿ ಕಳೆದದ್ದು ಇಪ್ಪತ್ತನೇ ಒಂದು ಪಾಲು. ಅಂದರೆ ಹೆಚ್ಚು ತಪ್ಪು ಮಾತಿನದು ಮತ್ತು ಶೀರ್ಷಿಕೆಯದು. ವಾದ್ಯಭಾಗ ಅವೆರಡಕ್ಕಿಂತ ಚೆನ್ನಾಗಿ ಜನರನ್ನು ಹಿಡಿದಿದೆ, ಆದರೆ ಹಾಡಿನ ಹಾಗೆ ಹಿಡಿದಿಲ್ಲ. ಇನ್ನೊಂದು ಮಾತನ್ನು ಸಂಗೀತ ನಿರ್ದೇಶಕರ ಪರವಾಗಿ ಹೇಳಲೇಬೇಕು: 32 ಸೆಕೆಂಡು ಕಾದು ದಣಿದವನ ಮುಂದೆ ತಮಟೆ ಶುರುವಾಗಿದೆ. ಅದೇ ತಮಟೆ ಮೊದಲ ಸೆಕೆಂಡಿನಲ್ಲೇ ಬಂದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಎಂಬುದನ್ನು ಈ ಗ್ರಾಫ್ ಹೇಳಲಾರದು.

ಹಾರಿಸಿದವರು ಮತ್ತು ಬಿಟ್ಟುಹೋದವರು ಎಂಬ ವಿಂಗಡಣೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬರುವುದು, ಆರಂಭವನ್ನು ಕತ್ತರಿಸಿದರೆ ಲಾಭವೆಷ್ಟು ಎಂದು ಅಂದಾಜು ಮಾಡುವಾಗ. ಹಾರಿಸಿದ 17 ಅಂಶದ ಜನ ಹೇಗೂ ಪಲ್ಲವಿಗೆ ಬಂದಿದ್ದಾರೆ. ಆರಂಭ ಗಿಡ್ಡ ಮಾಡಿದರೆ ಅವರಿಗೆ ಶ್ರಮ ಕಡಿಮೆಯಾಗುತ್ತದೆಯೇ ಹೊರತು ಹಾಡಿಗೆ ಹೊಸ ಕೇಳುಗರು ಸಿಗುವುದಿಲ್ಲ. ಸಿಗುವುದಿದ್ದರೆ ಹೋದ 27 ಅಂಶದಿಂದಲೇ ಸಿಗಬೇಕು, ಅವರಲ್ಲೂ ಒಂದಷ್ಟು ಜನ ಎಂಥ ಆರಂಭವಿದ್ದರೂ ಹೋಗುವವರೇ. ಆರಂಭದಲ್ಲಿ ತಪ್ಪಿದೆ ಎಂದು ಸಾಕ್ಷಿ ಹೇಳುವವರು ಹಾರಿಸಿದವರು; ತಪ್ಪು ತಿದ್ದಿದರೆ ದೊರಕಬಹುದಾದವರು ಬಿಟ್ಟುಹೋದವರು. ಮೆಟ್ಟಿಲೇ ಇಲ್ಲದೆ ಗೆರೆ ಇಳಿದು ಹಾಗೇ ಕೆಳಗೆ ಉಳಿದಿದ್ದರೆ, ಬಂದವರು ಈ ಹಾಡನ್ನು ಹುಡುಕಿಕೊಂಡು ಬಂದವರೇ ಅಲ್ಲ ಎನ್ನುವ ಸಂಭವ ಹೆಚ್ಚು. ಆಗ ತಿದ್ದಬೇಕಾದ್ದು ಥಂಬ್‌ನೇಲ್ ಮತ್ತು ವಿಡಿಯೊದ ಹೆಸರು. ಹಾಡಿನ ಆರಂಭವನ್ನು ಎಷ್ಟು ಕತ್ತರಿಸಿದರೂ ಆ ಇಳಿತ ನಿಲ್ಲುವುದಿಲ್ಲ.

ಗ್ರಾಫ್ ಮೋಸ ಮಾಡುವ ಸಂದರ್ಭಗಳೂ ಇವೆ. ದುಡ್ಡು ಕೊಟ್ಟು ಹಾಡನ್ನೇ ಜಾಹೀರಾತಾಗಿ ಓಡಿಸಿದ್ದರೆ ಆ ವೀಕ್ಷಣೆಗಳನ್ನು ಬೇರ್ಪಡಿಸದೆ ಗೆರೆಯನ್ನು ನೋಡಲೇಬಾರದು. 5 ಸೆಕೆಂಡಿನ ನಂತರ ಸ್ಕಿಪ್ ಮಾಡಬಹುದಾದ ಜಾಹೀರಾತಿನಲ್ಲಿ, ನೋಡುಗ 30 ಸೆಕೆಂಡು ನೋಡಿದರೆ, ಅಥವಾ ಅದರ ಮೇಲೆ ಒತ್ತಿದರೆ ಮಾತ್ರ ಅದು ವೀಕ್ಷಣೆ ಎಂದು ಎಣಿಕೆಯಾಗುತ್ತದೆ. ಬೇರೇನೋ ನೋಡಲು ಹೊರಟವನ ಮುಂದೆ ಅಡ್ಡ ಬಂದ ಹಾಡಿನ ಗೆರೆ, ಹುಡುಕಿ ಬಂದವನ ಗೆರೆಯಂತೆ ಇರುವುದಕ್ಕೆ ಸಾಧ್ಯವಿಲ್ಲ. ಸ್ಟುಡಿಯೋದಲ್ಲಿ ಸಹಜ ವೀಕ್ಷಣೆಯನ್ನು ಮಾತ್ರ ಆರಿಸಿಕೊಳ್ಳುವ ಅವಕಾಶವಿದೆ. ಹಾಗೆಯೇ ಮೊದಲ ಒಂದೆರಡು ದಿನದ ಗೆರೆಯೂ ಸುಳ್ಳು ಸಮಾಧಾನ ಕೊಡುತ್ತದೆ. ತಂಡದವರು, ನೆಂಟರಿಷ್ಟರು, ವಾಟ್ಸ್ಆ್ಯಪ್ ಗುಂಪಿನ ಗೆಳೆಯರು ಲೋಗೊವನ್ನೂ ಧನ್ಯವಾದವನ್ನೂ ಪ್ರೀತಿಯಿಂದ ನೋಡುತ್ತಾರೆ, ಅದರಲ್ಲೂ ತಮ್ಮ ಹೆಸರು ಅದರಲ್ಲಿ ಇದ್ದರೆ ಇನ್ನೂ ಪ್ರೀತಿಯಿಂದ. ಒಂದು ವಾರ ಕಳೆದ ಮೇಲೆ ಹೊಸ ವೀಕ್ಷಕರ ಗೆರೆಯನ್ನು ಬೇರೆ ಮಾಡಿ ನೋಡಿದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆಯ ಚಾನೆಲ್ಲುಗಳಿಗೆ ಇನ್ನೊಂದು ವಿಶೇಷ ತೊಡಕಿದೆ. ಇಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತುಗಳು. ಒಂದೇ ಚಾನೆಲ್ಲಿನಲ್ಲಿ ಎರಡೂ ಭಾಷೆಯ ಹಾಡುಗಳಿರುತ್ತವೆ, ಗಡಿಯಾಚೆಯ ನೋಡುಗರೂ ಇರುತ್ತಾರೆ. ಯಾವ ಭಾಷೆಯ ಹಾಡು ಎಂಬುದು ಥಂಬ್‌ನೇಲಿನಲ್ಲಿ ಸ್ಪಷ್ಟವಾಗಿರದಿದ್ದರೆ ಗೆರೆ ಆರಂಭದ ವಾದ್ಯದ ಉದ್ದಕ್ಕೂ ಚೆನ್ನಾಗಿಯೇ ಇದ್ದು, ದನಿ ಬಂದ ಜಾಗದಲ್ಲಿ ಥಟ್ಟನೆ ಇಳಿಯುತ್ತದೆ. ಇದನ್ನು ಕಂಡು ಗಾಯಕರನ್ನೋ ಪಲ್ಲವಿಯನ್ನೋ ದೂರುವುದು ಅನ್ಯಾಯ. ದನಿಗಿಂತ ಮುಂಚೆ ಇಳಿದರೆ ಆರಂಭದ ಪ್ರಶ್ನೆ, ದನಿಯ ಜೊತೆಗೇ ಇಳಿದರೆ ಬಂದವರು ಯಾರು ಎಂಬ ಪ್ರಶ್ನೆ.

ನೋಡುಗರಿಗೂ ಕಾಣುವ ಇನ್ನೊಂದು ಗುರುತಿದೆ. 2022ರಿಂದ ಯೂಟ್ಯೂಬ್ ಕೆಳಗಿನ ಪಟ್ಟಿಯ ಮೇಲೆ, ಅತಿ ಹೆಚ್ಚು ಸಲ ನೋಡಲಾದ ಜಾಗವನ್ನು ಬೂದು ಬಣ್ಣದ ಅಲೆಯಾಗಿ ತೋರಿಸುತ್ತಿದೆ. ಬೇರೆಯವರ ಹಾಡಿನ ಆರಂಭವನ್ನು ಅಭ್ಯಾಸ ಮಾಡಲು ಹೊರಗಿನವರಿಗೆ ಇರುವ ದಾರಿ ಹೆಚ್ಚುಕಡಿಮೆ ಇದೊಂದೇ. ಆದರೆ ಅಲೆ ಎದ್ದ ಜಾಗ ಎಲ್ಲರಿಗೂ ಕಾಣುವುದರಿಂದ, ಎಲ್ಲರೂ ಅಲ್ಲಿಗೇ ಎಳೆಯುತ್ತಾರೆ, ಅಲೆ ಇನ್ನೂ ಏಳುತ್ತದೆ. ಹಳೆಯ ವಿಡಿಯೊಗಳ ಅಲೆಯಲ್ಲಿ ಹಾಡಿನ ಗುಣವೆಷ್ಟು, ಅಲೆಯೇ ಮಾಡಿದ ಪ್ರಚಾರವೆಷ್ಟು ಎಂದು ಬಿಡಿಸುವುದು ಕಷ್ಟ. ವಿವರಣೆಯಲ್ಲಿ ಸಮಯ ಬರೆದು ‘ಹಾಡು’ ಎಂದು ಅಧ್ಯಾಯದ ಗುರುತು ಹಾಕಿದವರ ಗ್ರಾಫಿನಲ್ಲಿ ಮೆಟ್ಟಿಲು ಇನ್ನಷ್ಟು ಕಡಿದಾಗಿರುವುದೂ ಇದೇ ಕಾರಣಕ್ಕೆ.

ವೀಕ್ಷಣೆಯ ಸಂಖ್ಯೆ ಚಿಕ್ಕದಾಗಿದ್ದಾಗ ತಾಳ್ಮೆ ಬೇಕು. 100 ವೀಕ್ಷಣೆಯ ಮೇಲೆ ಕಂಡ ಶೇ. 50 ಎಂಬ ಅಂಕಿ, ಅದೃಷ್ಟದ ಏರುಪೇರಿನಿಂದಲೇ ಆಚೀಚೆ 10 ಅಂಶ ಜಾರಬಹುದು. 400 ವೀಕ್ಷಣೆಗೆ ಈ ಜಾರುವಿಕೆ 5 ಅಂಶಕ್ಕೆ ಇಳಿಯುತ್ತದೆ. ನಮ್ಮ ಉದಾಹರಣೆಯ 17 ಅಂಶದ ಏರಿಕೆ 400 ವೀಕ್ಷಣೆಯಲ್ಲಿ ಕಂಡಿದ್ದರೆ ನಂಬಬಹುದು. 3 ಅಂಶದ ಏರಿಕೆಯನ್ನು ಹಿಡಿದುಕೊಂಡು ಹಾಡಿನ ರೂಪವನ್ನೇ ಬದಲಿಸುವುದು ಆತುರ.

ಈಗ ಆರಂಭವನ್ನು ಮರಳಿ ಕಟ್ಟುವ ಕೆಲಸ. ಎಲ್ಲವನ್ನೂ ಕಿತ್ತು ದನಿಯಿಂದಲೇ ಶುರು ಮಾಡುವುದು ಸುಲಭ, ಆದರೆ ಅದು ಹಾಡಿಗೆ ಒಗ್ಗುವುದಿಲ್ಲ. ವಾದ್ಯಭಾಗ ಶ್ರುತಿಯನ್ನೂ ವೇಗವನ್ನೂ ಕಿವಿಗೆ ಕೂರಿಸುತ್ತದೆ; ಅದಿಲ್ಲದೆ ಬಂದ ಪಲ್ಲವಿಯ ಮೊದಲ ಸಾಲು ಎಲ್ಲಿ ನಿಂತಿದೆ ಎಂದು ಕೇಳುಗನಿಗೆ ತಿಳಿಯುವುದರೊಳಗೆ ಸಾಲು ಮುಗಿದಿರುತ್ತದೆ. ಅದೇ ಹೊತ್ತಿಗೆ ನಾಲ್ಕು ಆವರ್ತ ಬೇಕೇ ಎಂಬುದೂ ನ್ಯಾಯವಾದ ಪ್ರಶ್ನೆ. ಜಾತ್ರೆಯಲ್ಲಿ ತಮಟೆ ಎಷ್ಟೋ ಹೊತ್ತು ಮೊದಲೇ ಮೊಳಗುವುದು ಊರಿನ ಮೂಲೆಮೂಲೆಯಿಂದ ಜನ ಸೇರಲಿ ಎಂದು. ಪ್ಲೇ ಒತ್ತಿದವನು ಆಗಲೇ ಬಂದು ಎದುರಿಗೆ ನಿಂತಿದ್ದಾನೆ, ಅವನನ್ನು ಕರೆಯುವ ಕೆಲಸ ಮುಗಿದಿದೆ. ಶ್ರುತಿ ಮತ್ತು ಗತ್ತು ಕೂರಲು ಎರಡು ಆವರ್ತ ಸಾಕು.

ಈ ಹಾಡಿಗೆ ನಾನು ಒಪ್ಪುವ ರೂಪ ಹೀಗೆ: ಮೊದಲ ಆವರ್ತದಲ್ಲಿ ಹಿಮ್ಮೇಳದವರು ಸೊಲ್ಲನ್ನು ಒಂದೇ ಸಲ, ತಮಟೆಯ ಆಧಾರದ ಮೇಲೆ ಹೇಳುತ್ತಾರೆ. ಅದರ ಹಿಂದೆಯೇ ಎರಡು ಆವರ್ತ ವಾದ್ಯ. ಡ್ರೋನ್ ಶಾಟ್ ಮತ್ತು ಶೀರ್ಷಿಕೆ ಈ 10 ಸೆಕೆಂಡಿನ ಮೇಲೆಯೇ ಕೂರುತ್ತವೆ. 0:15ಕ್ಕೆ ದನಿ, 0:35ಕ್ಕೆ ಪೂರ್ತಿ ಸೊಲ್ಲು. ಸಂಭಾಷಣೆ ಬೇಕೇ ಬೇಕೆಂದಿದ್ದರೆ ಮೊದಲ ಚರಣವಾದ ಮೇಲಿನ ವಾದ್ಯದ ನಡುವೆ ಅದಕ್ಕೆ ಜಾಗ ಸಿಗುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ನಾಯಕನ ಬಗ್ಗೆ ತಿಳಿಯುವ ಕುತೂಹಲವಾದರೂ ನೋಡುಗನಿಗೆ ಹುಟ್ಟಿರುತ್ತದೆ. ಧನ್ಯವಾದದ ಕಾರ್ಡು ಕೊನೆಗೆ ಹೋಗಲಿ. ಹಿಮ್ಮೇಳ ಮೊದಲೇ ಸೊಲ್ಲು ಹಿಡಿಯುವುದು ನಮ್ಮ ಜಾನಪದ ಹಾಡಿಕೆಗೆ ಹೊಸದಲ್ಲವಾದ್ದರಿಂದ ಇದು ಅಂಟಿಸಿದಂತೆ ಕಾಣದು. ಒಬ್ಬನೇ ಗಾಯಕನ ಮೆಲುದನಿಯ ಪ್ರೇಮಗೀತೆಗೆ ಈ ರೂಪವನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮೊದಲೇ ಹುಕ್ ಲೈನನ್ನು ಹಾಡಿಬಿಟ್ಟರೆ ಆಮೇಲೆ ಏರುಸಾಲುಗಳಿಗೆ ಏರಲು ಏನೂ ಉಳಿಯುವುದಿಲ್ಲ. ಹುಕ್ ಲೈನಿನ ರಾಗವನ್ನು ಕೊಳಲಿನಲ್ಲೋ ಗಿಟಾರಿನಲ್ಲೋ ಒಂದು ಆವರ್ತ ನುಡಿಸಿ ಬಿಡುವುದು ಅದಕ್ಕೆ ಹೊಂದುತ್ತದೆ.

ಆಗಲೇ ಪ್ರಕಟವಾದ ವಿಡಿಯೊಗೆ ಇಷ್ಟು ಮಾಡಲು ಬರುವುದಿಲ್ಲ. ಸ್ಟುಡಿಯೋದ ಎಡಿಟರಿನಲ್ಲಿ ಲಿಂಕ್, ವೀಕ್ಷಣೆ, ಕಾಮೆಂಟು ಉಳಿಸಿಕೊಂಡೇ ಒಂದು ಭಾಗವನ್ನು ಕತ್ತರಿಸಿ ತೆಗೆಯಬಹುದು, ಆದರೆ ಹೊಸದನ್ನು ಸೇರಿಸಿ ಮರುಜೋಡಿಸಲಾಗದು. ಈ ವಿಡಿಯೊದಲ್ಲಿ 0:00ರಿಂದ 0:32ರವರೆಗಿನದನ್ನು ತೆಗೆದರೆ ಸಂಗೀತಕ್ಕೆ ಗಾಯವಾಗುವುದಿಲ್ಲ. ವಾದ್ಯದ ನಡುವೆ ಕತ್ತರಿ ಹಾಕಲು ಹೋದರೆ ಆವರ್ತದ ಅಂಚಿಗೆ ಸರಿಯಾಗಿ ಬೀಳದೆ ತಾಳ ಎಡವುವುದು ಸಾಮಾನ್ಯ ಕೇಳುಗನಿಗೂ ಗೊತ್ತಾಗಿಬಿಡುತ್ತದೆ.

ಮುಂದಿನ ಹಾಡನ್ನು ಹೊಸ ರೀತಿಯಲ್ಲಿ ತೆರೆದು ಎರಡನ್ನೂ ಹೋಲಿಸುವಾಗ 30ನೇ ಸೆಕೆಂಡಿನ ಅಂಕಿಯನ್ನು ಅಕ್ಕಪಕ್ಕ ಇಡುವುದು ವಾಡಿಕೆ. ಸ್ಟುಡಿಯೋ ಕೂಡ ಆ ಅಂಕಿಯನ್ನೇ ಎತ್ತಿ ತೋರಿಸುತ್ತದೆ. ಈ ಕೆಲಸಕ್ಕೆ ಅದು ತಪ್ಪು ಅಳತೆ. ಮೊದಲ ವಿಡಿಯೊದ 30ನೇ ಸೆಕೆಂಡಿನಲ್ಲಿ ಹಾರಿಸಿದವರು ಲೆಕ್ಕದಲ್ಲೇ ಇಲ್ಲ, ಆದರೆ ಅವರು ಹಾಡನ್ನು ಕೇಳಿದ್ದಾರೆ. ಹೋಲಿಸಬೇಕಾದ್ದು ಹಾಡಿನೊಳಗಿನ ಒಂದೇ ಜಾಗವನ್ನು, ಉದಾಹರಣೆಗೆ ಮೊದಲ ಹುಕ್ ಲೈನ್ ಬಂದ ಗಳಿಗೆಯನ್ನು. ಮೊದಲನೆಯದರಲ್ಲಿ ಅದು 57. ಹೊಸದರಲ್ಲಿ ಗರಿಷ್ಠ ಎಷ್ಟಾಗಬಹುದು ಎಂದರೆ, 5ನೇ ಸೆಕೆಂಡಿನ 84ರಿಂದ ಹಿಡಿದು ಹಾಡು ನಡೆಯುವಾಗಿನ ನಿಧಾನದ ಇಳಿತವನ್ನೇ, ಅಂದರೆ 20 ಸೆಕೆಂಡಿಗೆ ಇಪ್ಪತ್ತನೇ ಒಂದು ಪಾಲನ್ನು ಕಳೆಯುತ್ತ ಹೋದರೆ, 0:35ಕ್ಕೆ ಸುಮಾರು 78. ನಿಜವಾದ ಫಲ 57 ಮತ್ತು 78ರ ನಡುವೆ ಎಲ್ಲೋ ಬೀಳುತ್ತದೆ. 60 ಬಂದರೆ ಆರಂಭ ಬದಲಿಸಿದ್ದರಿಂದ ಹೆಚ್ಚೇನೂ ಆಗಲಿಲ್ಲ ಎಂದೇ ಅರ್ಥ, 30ನೇ ಸೆಕೆಂಡಿನ ಅಂಕಿ ಎಷ್ಟೇ ಚೆನ್ನಾಗಿ ಕಂಡರೂ.

ಈ ಓದಿಗೆ ಒಗ್ಗದ ಹಾಡುಗಳೂ ಇವೆ. ಕೈವಾರದ ತಾತಯ್ಯನವರ ತತ್ವಪದವನ್ನೋ ದೇವರ ಹಾಡನ್ನೋ ಶ್ಲೋಕದಿಂದ ಆರಂಭಿಸಿದಾಗ ಕೆಲವರು ಶ್ಲೋಕ ಹಾರಿಸುತ್ತಾರೆ, ಮೆಟ್ಟಿಲೂ ಕಾಣುತ್ತದೆ. ಆದರೆ ಬೆಳಿಗ್ಗೆ ದೀಪ ಹಚ್ಚಿ ಹಾಡು ಹಾಕಿ ಅಡುಗೆಮನೆಗೆ ಹೋಗುವವರಿಗೆ ಆ ಶ್ಲೋಕವೇ ಹಾಡಿನ ಬಾಗಿಲು, ಮತ್ತು ಅದೇ ವಿಡಿಯೊವನ್ನು ದಿನವೂ ಹಾಕುವವರು ಅವರು. ಮರಳಿ ಬರುವ ವೀಕ್ಷಕರ ಗೆರೆಯನ್ನು ಬೇರೆ ಮಾಡಿ ನೋಡಿದಾಗ ಅವರು ಶ್ಲೋಕದ ಉದ್ದಕ್ಕೂ ಇದ್ದರೆ ಅದನ್ನು ಮುಟ್ಟಬಾರದು.

ಆಡಿಯೊ ಆವೃತ್ತಿಯನ್ನು ಬೇರೆಯಾಗಿಯೇ ತೀರ್ಮಾನಿಸಬೇಕು. ಅದರಲ್ಲಿ ಲೋಗೊ, ಸಂಭಾಷಣೆ ಇಲ್ಲದಿದ್ದರೆ ಹಳೆಯ ರೂಪದಲ್ಲೂ ದನಿ 0:20ಕ್ಕೇ ಬರುತ್ತದೆ, ಸೊಲ್ಲು 0:40ಕ್ಕೆ. ಸ್ಪಾಟಿಫೈ 30 ಸೆಕೆಂಡು ಕೇಳಿದ್ದನ್ನು ಒಂದು ಸ್ಟ್ರೀಮ್ ಎಂದು ಎಣಿಸುತ್ತದೆ. ಸೊಲ್ಲು ಆ 30 ಸೆಕೆಂಡಿನಾಚೆ ಇರುವುದರಿಂದ, ಹಾಡಿನ ಮುಖ್ಯ ಸಾಲನ್ನು ಕೇಳದೆಯೇ ಮುಂದಿನ ಹಾಡಿಗೆ ಹೋಗುವವರು ಇಲ್ಲಿ ಹೆಚ್ಚು. ಅಲ್ಲಿ ಮೆಟ್ಟಿಲು ನೋಡಿ ತಿದ್ದಿಕೊಳ್ಳುವ ಅವಕಾಶ ಸಿಗದಿರುವುದರಿಂದ ರೆಕಾರ್ಡಿಂಗ್ ದಿನವೇ ಎರಡು ರೂಪಗಳಿಗೂ ಸಾಮಗ್ರಿ ತೆಗೆದಿಟ್ಟುಕೊಳ್ಳುವುದು ಉಳಿತಾಯದ ದಾರಿ: ತಮಟೆಯ ನಾಲ್ಕು ಆವರ್ತವನ್ನು ಒಂದೇ ಓಟದಲ್ಲಿ ಏರಿಸುತ್ತ ಹೋಗದೆ, ಎರಡನೆಯ ಆವರ್ತದ ಕೊನೆಗೂ ದನಿ ಸೇರಿಕೊಳ್ಳುವಂತೆ ಒಂದು ಮುಕ್ತಾಯ ನುಡಿಸಿಡುವುದು ಮತ್ತು ಹಿಮ್ಮೇಳದ ಸೊಲ್ಲನ್ನು ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡುವುದು. ಹಿಮ್ಮೇಳದವರು ಮನೆಗೆ ಹೋದ ಮೇಲೆ ಆ 5 ಸೆಕೆಂಡಿಗಾಗಿ ರೆಕಾರ್ಡಿಂಗ್ ಸ್ಟುಡಿಯೋವನ್ನು ಮತ್ತೆ ಬಾಡಿಗೆಗೆ ಹಿಡಿಯಬೇಕಾಗುತ್ತದೆ.